100ರಲ್ಲಿ 66 ಬಂದ್ರೂ ಗೆದ್ದಿದ್ದು ಹೇಗೆ? | ಬಿಕಾಂ ಡೈರಿ, ಭಾಗ 7

ಇವತ್ತಿನ ಕ್ಯಾಪ್ಷನ್ ಉದ್ದ ಇದೆ. ಪೆನ್ನು, ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಕೊಂಡು ಓದಿ.

ಕಾಸ್ಟಿಂಗ್, ಕಂಪನಿ ಲಾ ಎಲ್ಲಾ ಓದ್ತೀವಿ. ಆದ್ರೆ ಸಾಲ ತೀರಿಸೋಕೆ ಆಗದವರ ಬಗ್ಗೆ, ಸಾಲ ಕೊಟ್ಟವರೆಲ್ಲಾ ಸೇರಿ ಮತ ಹಾಕಿದ ಸಭೆಯ ಮಿನಿಟ್ಸ್ ಕೈಗೆ ಸಿಗೋದು ಅಪರೂಪ. ನನಗೆ ಸಿಕ್ಕಿದ್ದು ನಮ್ಮಪ್ಪನ ಹೆಸರು ಆ ಪಟ್ಟಿಯಲ್ಲಿ ಇದ್ದಿದ್ದಕ್ಕೆ. ಅಪ್ಪ ಒಬ್ಬರಿಗೆ 6 ಲಕ್ಷ ಕೈಸಾಲ ಕೊಟ್ಟಿದ್ರು. ಆ ವ್ಯಕ್ತಿ ತಮ್ಮ ಕಂಪನಿಯ ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದ್ರು. ಕಂಪನಿ ಮುಳುಗಿತು, ಜಾಮೀನು ಕುತ್ತಿಗೆಗೆ ಬಂತು. ಹೆಸರುಗಳನ್ನ ಬಿಟ್ಟಿದ್ದೇನೆ, ಮೊತ್ತಗಳು ಮಿನಿಟ್ಸ್‌ನಲ್ಲಿ ಇರೋ ಹಾಗೇ.

ಇಂಥ ಜಾಮೀನುದಾರರ ಕೇಸು 2016ರ ದಿವಾಳಿ ಸಂಹಿತೆಯಡಿ ಎನ್‌ಸಿಎಲ್‌ಟಿಗೆ ಹೋಗುತ್ತೆ. ಇವರಿಗೆ ಈ ಭಾಗ ಜಾರಿಗೆ ಬಂದಿದ್ದು 2019ರ ಡಿಸೆಂಬರ್ 1ರಿಂದ. ಅಲ್ಲಿ ಒಬ್ಬ ರೆಸಲ್ಯೂಷನ್ ಪ್ರೊಫೆಷನಲ್ ಇರ್ತಾರೆ, ಚಿಕ್ಕದಾಗಿ ಆರ್‌ಪಿ ಅನ್ನೋಣ. ಯಾರಿಗೆ ಎಷ್ಟು ಬರಬೇಕು ಅಂತ ಪಟ್ಟಿ ಮಾಡೋದು, ಕನಿಷ್ಠ 14 ದಿನ ಮೊದಲು ನೋಟಿಸ್ ಕೊಟ್ಟು ಸಭೆ ಕರೆಯೋದು, ಸಭೆ ನಡೆಸೋದು ಎಲ್ಲಾ ಅವರೇ. ಸಾಲ ತೀರಿಸೋ ಪ್ಲ್ಯಾನ್ ಬರೆಯೋದು ಮಾತ್ರ ಸಾಲ ಮಾಡಿದವರು, ಆರ್‌ಪಿ ಜೊತೆ ಕೂತು.

ಈಗ ಪಟ್ಟಿ ನೋಡಿ.

ಬ್ಯಾಂಕ್: 60 ಲಕ್ಷ (ಒಂದು ಅಂಗಡಿ ಅಡಮಾನ ಇದೆ, ಅದರ ಬೆಲೆ 25 ಲಕ್ಷ)
ಫೈನಾನ್ಸ್ ಕಂಪನಿ: 20 ಲಕ್ಷ
ಸಾಮಾನು ಸಪ್ಲೈ ಮಾಡಿದವರು: 14 ಲಕ್ಷ
ಸಾಲ ಮಾಡಿದವರ ಭಾವಮೈದುನ: 12 ಲಕ್ಷ
ನಮ್ಮಪ್ಪ: 6 ಲಕ್ಷ

ಪ್ಲ್ಯಾನ್ ಏನಂದ್ರೆ, ಒಂದು ಸೈಟ್ ಮಾರ್ತೀನಿ, ಆ ಅಂಗಡಿಯ ಬಾಡಿಗೆ ಸೇರಿಸ್ತೀನಿ, 36 ತಿಂಗಳಲ್ಲಿ ರೂಪಾಯಿಗೆ 40 ಪೈಸೆ ಕೊಡ್ತೀನಿ. ಅಂದ್ರೆ ಅಪ್ಪನ 6 ಲಕ್ಷಕ್ಕೆ 2 ಲಕ್ಷ 40 ಸಾವಿರ. ಬೇಡ ಅಂತ ತಿರಸ್ಕರಿಸಿದ್ರೆ ಮುಂದಿನ ಬಾಗಿಲು ದಿವಾಳಿ ಅರ್ಜಿ. ಅಲ್ಲಿ ಎಷ್ಟು ಸಿಗುತ್ತೆ, ಯಾವಾಗ ಸಿಗುತ್ತೆ ಅನ್ನೋದಕ್ಕೆ ಯಾರೂ ಮಾತು ಕೊಡಲ್ಲ.

ಒಬ್ಬರಿಗೆ ಒಂದು ಮತ ಅಂತ ಇಲ್ಲಿ ಇಲ್ಲ. ಎಷ್ಟು ರೂಪಾಯಿ ಬರಬೇಕೋ ಅಷ್ಟು ತೂಕ. ಪಾಸ್ ಆಗೋಕೆ, ಖುದ್ದಾಗಿ ಅಥವಾ ಪ್ರಾಕ್ಸಿ ಮೂಲಕ ಬಂದು ಮತ ಹಾಕಿದವರ ಒಟ್ಟು ಮೊತ್ತದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪರವಾಗಿ ಬರಬೇಕು. ಎರಡು ಪದಕ್ಕೆ ಅಡಿಗೆರೆ ಎಳೀರಿ: ‘ಮತ ಹಾಕಿದವರ’ ಮತ್ತು ‘ಹೆಚ್ಚು’. ಇಡೀ ಕಥೆ ಈ ಎರಡು ಪದದ ಮೇಲೆ ನಿಂತಿದೆ.

ಮೊದಲನೇ ಮತದಾನ.

ಭಾವಮೈದುನ ಬಂದಿದ್ರು, ಪರವಾಗಿ ಮತ ಹಾಕ್ತೀನಿ ಅಂದ್ರು. ಆರ್‌ಪಿ ಬಿಡಲಿಲ್ಲ. ಹೆಂಡತಿ ಕಡೆಯ ಸಂಬಂಧಿಕರು ಕಾನೂನಿನ ಪ್ರಕಾರ ‘ಅಸೋಸಿಯೇಟ್’. ಅವರಿಗೆ ಹಣ ಬರಬೇಕಿರಬಹುದು, ಮತ ಇಲ್ಲ. ಇಲ್ಲಾಂದ್ರೆ ಯಾರು ಬೇಕಾದ್ರೂ ಮನೆಯವರ ಹೆಸರಲ್ಲಿ ದೊಡ್ಡ ಸಾಲ ತೋರಿಸಿ ತಮ್ಮ ಪ್ಲ್ಯಾನ್ ತಾವೇ ಪಾಸ್ ಮಾಡ್ಕೋಬಹುದಿತ್ತು.

ಸಪ್ಲೈ ಮಾಡಿದವರು ಬರಲೇ ಇಲ್ಲ, ಪ್ರಾಕ್ಸಿನೂ ಕಳಿಸಲಿಲ್ಲ.

ಬ್ಯಾಂಕ್ ಒಂದು ಅಫಿಡವಿಟ್ ಕೊಡ್ತು. ಅಂಗಡಿ ಮೇಲಿನ ಹಕ್ಕು ನಾವು ಬಿಡಲ್ಲ, ಅಡಮಾನ ಮುಚ್ಚದ ಭಾಗಕ್ಕೆ ಮಾತ್ರ ಮತ ಹಾಕ್ತೀವಿ ಅಂತ. 60ರಲ್ಲಿ 25 ಕಳೆದ್ರೆ 35. ಹಾಗಾಗಿ ಬ್ಯಾಂಕಿನ ತೂಕ 35 ಲಕ್ಷಕ್ಕೆ ಇಳೀತು.

ಫೈನಾನ್ಸ್ ಕಂಪನಿಯವರ ಆಕ್ಷೇಪ ಮಿನಿಟ್ಸ್‌ನಲ್ಲಿ ಎರಡೇ ಸಾಲು, ಆದ್ರೆ ಸರಿಯಾಗಿದೆ: ಬ್ಯಾಂಕ್ ಯಾವಾಗ ಬೇಕಾದ್ರೂ ಅಂಗಡಿ ಮಾರಬಹುದು ಅಂದ್ರೆ, ಮೂರು ವರ್ಷ ಬಾಡಿಗೆ ಎಲ್ಲಿಂದ ಬರುತ್ತೆ?

ಲೆಕ್ಕ ಹಾಕಿ. ಪರವಾಗಿ ಬ್ಯಾಂಕ್ 35, ಅಪ್ಪ 6, ಒಟ್ಟು 41. ವಿರುದ್ಧ 20. ಮತ ಹಾಕಿದ್ದು 61. 41ನ್ನು 61ರಿಂದ ಭಾಗಿಸಿದ್ರೆ ಶೇ 67.2. ಬಿತ್ತು.

ಆದ್ರೆ ಆರ್‌ಪಿ ಸಭೆ ಅಲ್ಲಿಗೇ ಮುಗಿಸಲಿಲ್ಲ. ತಿದ್ದುಪಡಿ ಮಾತುಕತೆಗೆ ಅವಕಾಶ ಕೊಟ್ಟು ಮುಂದೂಡಿದ್ರು. ಸಕಾರಣ ಇದ್ರೆ ಮುಂದೂಡಬಹುದು, ಒಂದು ಸಲಕ್ಕೆ ಏಳು ದಿನ ಮೀರಬಾರದು.

ಎರಡನೇ ದಿನ ಬ್ಯಾಂಕ್ ಬೇರೆ ಮಾತು ತಂತು. ಸೈಟ್ ಮಾರಾಟ ಒಂದು ವರ್ಷದೊಳಗೆ ಅಂತಿರೋದನ್ನ ಆರು ತಿಂಗಳು ಮಾಡಿ, ಆಗ ಪ್ಲ್ಯಾನ್ ನಡೆಯೋವರೆಗೂ ಅಂಗಡಿ ಮಾರೋ ಹಕ್ಕು ಬಳಸಲ್ಲ, ಪೂರ್ತಿ 60ಕ್ಕೆ ಮತ ಹಾಕ್ತೀವಿ ಅಂತ. ಇಲ್ಲಿ ಮಿನಿಟ್ಸ್‌ನಲ್ಲಿ ಒಂದು ಸಾಲು ಇದೆ, ಓದೋವಾಗ ಹಾರಿಸಿಬಿಡಬೇಡಿ: ಈ ಬದಲಾವಣೆಗೆ ಸಾಲಗಾರರು ಒಪ್ಪಿದ್ದಾರೆ. ಸಭೆ ಎಷ್ಟೇ ಬಯಸಿದ್ರೂ ಪ್ರತಿಯೊಂದು ತಿದ್ದುಪಡಿಗೂ ಅವರ ಒಪ್ಪಿಗೆ ಬೇಕು. ಆ ಸಾಲು ಇಲ್ಲದ ಮಿನಿಟ್ಸ್ ನೋಡಿದ್ರೆ ಅಲ್ಲೇ ಅನುಮಾನ ಪಡಿ.

ಎರಡನೇ ಮತದಾನದ ಪಟ್ಟಿ ಹೀಗಿದೆ. ಬ್ಯಾಂಕ್ 60, ಫೈನಾನ್ಸ್ 20, ಸಪ್ಲೈಯವರು 14, ಅಪ್ಪ 6. ಕೂಡಿಸಿದ್ರೆ ಸರಿಯಾಗಿ 100 ಲಕ್ಷ. ಫೈನಾನ್ಸ್ ಕಂಪನಿ 40 ಪೈಸೆ ಸಾಲದು ಅಂತ ಮತ್ತೆ ವಿರುದ್ಧ. ಸಪ್ಲೈಯವರು ಮತ್ತೆ ಗೈರು. ಪರವಾಗಿ 66.

100ಕ್ಕೆ 66, ಮುಕ್ಕಾಲು ಎಲ್ಲಿದೆ ಅಂತ ಕೇಳ್ತೀರಾ? ಭಾಗಿಸಬೇಕಾದ್ದು 100ರಿಂದ ಅಲ್ಲ. ಬಾರದವರ 14 ತೆಗೀರಿ. ಮತ ಹಾಕಿದ್ದು 86. 66ನ್ನು 86ರಿಂದ ಭಾಗಿಸಿ: ಶೇ 76.74. ಪಾಸ್.

ಕಂಪನಿ ದಿವಾಳಿಯ ಕ್ಲಾಸಲ್ಲಿ ಓದಿದ 66ರ ಜೊತೆ ಇದನ್ನ ಕಲಸಬೇಡಿ. ಅಲ್ಲಿ ರೆಸಲ್ಯೂಷನ್ ಪ್ಲ್ಯಾನ್‌ಗೆ ಸಮಿತಿಯ ಒಟ್ಟು ಮತಪಾಲಿನಲ್ಲೇ ಶೇ 66 ಬೇಕು, ಗೈರಾದವರೂ ಕೆಳಗಿನ ಸಂಖ್ಯೆಯಲ್ಲಿ ಇರ್ತಾರೆ. ಅಂದ್ರೆ ಅಲ್ಲಿ ಬಾರದೆ ಇರೋದು ವಿರುದ್ಧ ಹಾಕಿದ ಹಾಗೆ. ಇಲ್ಲಿ ಬಾರದವರು ಲೆಕ್ಕದಿಂದಲೇ ಹೊರಗೆ. ಸಪ್ಲೈಯವರು ಬಂದು ‘ಬೇಡ’ ಅಂದಿದ್ರೆ 100ಕ್ಕೆ 66 ಆಗಿ ಪ್ಲ್ಯಾನ್ ಬೀಳ್ತಿತ್ತು.

ಈಗ ಅಪ್ಪನ 6 ಲಕ್ಷ ತೆಗೆದು ನೋಡಿ. ಬ್ಯಾಂಕ್ 60, ಒಟ್ಟು 80. ಬರೋದು ಸರಿಯಾಗಿ ಶೇ 75. ಕಾನೂನು ಕೇಳೋದು ಮುಕ್ಕಾಲಿಗಿಂತ ಹೆಚ್ಚು. 75 ಸಾಲಲ್ಲ. ‘ನಮ್ಮ ಆರು ಲಕ್ಷಕ್ಕೆ ಅಲ್ಲಿ ಯಾರು ಕೇಳ್ತಾರೆ’ ಅಂತ ಅಪ್ಪ ಆ ದಿನ ಮನೇಲೇ ಕೂತಿದ್ರೆ, 60 ಲಕ್ಷದ ಬ್ಯಾಂಕ್ ಒಪ್ಪಿದ್ರೂ ಪ್ಲ್ಯಾನ್ ಬಿದ್ದು ಹೋಗ್ತಿತ್ತು.

ಇಷ್ಟಾದ್ರೂ ದುಡ್ಡು ನಾಳೆನೇ ಬರಲ್ಲ. ಆರ್‌ಪಿ ಯಾರು ಬಂದ್ರು, ಯಾರು ಹೇಗೆ ಮತ ಹಾಕಿದ್ರು ಅನ್ನೋದೆಲ್ಲಾ ಸೇರಿಸಿ ಎನ್‌ಸಿಎಲ್‌ಟಿಗೆ ವರದಿ ಕೊಡಬೇಕು. ಅಲ್ಲಿ ಆದೇಶ ಆದ ಮೇಲೇ ಪ್ಲ್ಯಾನ್ ಎಲ್ಲರನ್ನೂ ಕಟ್ಟಿಹಾಕೋದು. ಆಗ ಬೇಡ ಅಂದ ಫೈನಾನ್ಸ್ ಕಂಪನಿಗೂ, ಬಾರದ ಸಪ್ಲೈಯವರಿಗೂ, ಪ್ಲ್ಯಾನ್‌ನಲ್ಲಿ ಹೆಸರಿದ್ರೆ ಅದೇ 40 ಪೈಸೆ.

ನಿಮ್ಮ ಮನೆಗೂ ಇಂಥ ನೋಟಿಸ್ ಬಂದಿದ್ರೆ ಮೂರು ವಿಷಯ ನೋಡಿ: ಪಟ್ಟಿಯಲ್ಲಿ ನಿಮ್ಮ ಮೊತ್ತ ಸರಿ ಇದೆಯಾ, ಸಂಬಂಧಿಕರ ಮತ ಸೇರಿದೆಯಾ, ಅಡಮಾನ ಇಟ್ಟುಕೊಂಡವರು ಎಷ್ಟು ಮೊತ್ತಕ್ಕೆ ಮತ ಹಾಕ್ತಿದ್ದಾರೆ. ಹೋಗೋಕೆ ಆಗದಿದ್ರೆ ಪ್ರಾಕ್ಸಿ ಕಳಿಸಿ.

ಒಂದು ಲೆಕ್ಕ ನಿಮಗೆ ಬಿಟ್ಟಿದ್ದೇನೆ. ಮೊದಲನೇ ದಿನ ಸಪ್ಲೈಯವರು ಬಂದು ಪರವಾಗಿ ಹಾಕಿದ್ರೆ ಪ್ಲ್ಯಾನ್ ಪಾಸ್ ಆಗ್ತಿತ್ತಾ? ಉತ್ತರ ಕಾಮೆಂಟಲ್ಲಿ ಹಾಕಿ, ಭಾಗಿಸಿದ್ದು ಯಾವುದರಿಂದ ಅಂತಾನೂ ಬರೀರಿ.