ಪಾಡ್ಯದ ದಿನ ಕೊಡುವ ಪತ್ರ

ದೀಪಾವಳಿ ಪಾಡ್ಯಕ್ಕೆ ನಮ್ಮ ಅಡುಗೆಯ ಮಾವಶಿಗೆ ಸೀರೆ, ಫರಾಳದ ಡಬ್ಬಿಯ ಜೊತೆ ಒಂದು ಪತ್ರವನ್ನೂ ಕೊಡುತ್ತೇವೆ. ಪಗಾರ, ರಜೆ, ವರ್ಷದ ಕೆಲಸದ ಬಗ್ಗೆ ನಮ್ಮ ಅಭಿಪ್ರಾಯ ಅದರಲ್ಲಿರುತ್ತದೆ. ಮಾವಶಿ ಶಿನೋಳಿಯವರು. ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಗಡಿ ದಾಟಿದರೆ ಸಿಗುವ, ಮಹಾರಾಷ್ಟ್ರದ ಚಂದಗಡ ತಾಲೂಕಿನ ಊರು ಅದು. ಅವರ ಕನ್ನಡ ಸಲೀಸು, ಆದರೆ ಓದು ಬರಹವೆಲ್ಲ ಮರಾಠಿಯಲ್ಲಿ. ಹಾಗಾಗಿ ಪತ್ರ ಎರಡೂ ಭಾಷೆಯಲ್ಲಿ ಇರುತ್ತದೆ. ಮರಾಠಿ ಪ್ರತಿ ನನ್ನ ಹೆಂಡತಿಯ ಕೈಬರಹ.

ಮೊದಲು ದುಡ್ಡಿನ ಮಾತು. ಈ ಸಲ ಪಗಾರ 9,000ದಿಂದ 9,700 ರೂಪಾಯಿಗೆ ಏರಿತು. ದೀಪಾವಳಿಗೆ ಒಂದು ತಿಂಗಳ ಪಗಾರ ಬೇರೆ. ಮಗಳ ಮದುವೆಗೆ ತೆಗೆದುಕೊಂಡ ಮುಂಗಡದಲ್ಲಿ 3,000 ಬಾಕಿ ಇದೆ. ಅದನ್ನು ತಿಂಗಳಿಗೆ ಸಾವಿರದಂತೆ ಮುರಿದುಕೊಳ್ಳುತ್ತೇವೆ, ಹಬ್ಬದ ಹಣಕ್ಕೆ ಕೈ ಹಾಕುವುದಿಲ್ಲ. ಸಾಲ ತೀರಿಸಲು ಹಬ್ಬದ ಹಣ ಹಿಡಿದರೆ ಅದು ಕೊಟ್ಟಂತೆ ಆಗುವುದೇ ಇಲ್ಲ.

ಬಸ್ಸಿನ ಖರ್ಚು ಪಗಾರದಲ್ಲಿ ಸೇರಿಲ್ಲ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಕರ್ನಾಟಕದ ವಿಳಾಸ ಇದ್ದ ಹೆಂಗಸರಿಗೆ ಮಾತ್ರ. ನಮ್ಮ ಪಕ್ಕದ ಮನೆಯ ಕೆಲಸದಾಕೆ ಪುಕ್ಕಟೆ ಬರುತ್ತಾರೆ, ಮಾವಶಿ ದುಡ್ಡು ಕೊಡಬೇಕು. ಮಹಾರಾಷ್ಟ್ರದ ಬಸ್ಸಾದರೆ ಹೆಂಗಸರಿಗೆ ಅರ್ಧ ದರ, ಆದರೆ ಬೆಳಗಿನ ಹೊತ್ತಿಗೆ ಅದೇ ಸಿಗಬೇಕಲ್ಲ! ಗಡಿ ಗಲಾಟೆಯಾದಾಗ ಬಸ್ಸೇ ನಿಲ್ಲುತ್ತದೆ. 2022ರ ಡಿಸೆಂಬರಿನಲ್ಲಿ ನಿಂತಿತ್ತು, 2025ರ ಫೆಬ್ರವರಿಯಲ್ಲೂ ನಿಂತಿತು. ಅಂಥ ದಿನದ ಪಗಾರ ಮುರಿಯುವುದಿಲ್ಲ, ರಜೆಯ ಲೆಕ್ಕಕ್ಕೂ ಹಿಡಿಯುವುದಿಲ್ಲ ಎಂದು ಬರೆದುಕೊಟ್ಟಿದ್ದೇವೆ. ಎರಡು ಸರ್ಕಾರಗಳ ಜಗಳದ ದಂಡವನ್ನು ಅಡುಗೆಯವರು ಯಾಕೆ ಕಟ್ಟಬೇಕು?

ಕೆಲಸದ ಬಗ್ಗೆ ಬರೆಯುವುದೇ ಕಷ್ಟ. 'ಅಡುಗೆ ಚಲೋ ಮಾಡ್ತೀರಿ' ಎಂದಷ್ಟೇ ಬರೆದರೆ ಅದು ಯಾರಿಗೂ ಸಲ್ಲುವ ಮಾತು. ಅವ್ವನಿಗೆ ಬಿಪಿ ಬಂದ ಮೇಲೆ, ಯಾರೂ ಹೇಳದೆ, ಉಪ್ಪು ಹಾಕುವ ಮೊದಲೇ ಒಂದು ವಾಟಿ ಆಮಟಿಯನ್ನು ಆಕೆಗೆಂದು ತೆಗೆದಿಡುತ್ತೀರಿ ಎಂದು ಬರೆದೆವು. ತಕರಾರು ಒಂದೇ: ಸಂಜೆ ಐದಕ್ಕೆ ಬಡಿದಿಟ್ಟ ಜೋಳದ ಭಕ್ಕರಿ ರಾತ್ರಿ ಊಟದ ಹೊತ್ತಿಗೆ ಬಿರುಸಾಗುತ್ತದೆ.

ಪತ್ರದ ಕೆಳಗಿನ ಅರ್ಧ ಹಾಳೆ ಅವರ ಮಾತಿಗೆ ಖಾಲಿ ಇರುತ್ತದೆ. ಕತ್ತಲಾದ ಮೇಲೆ ಊರಿನ ಬಸ್ಸಿಗೆ ಕಾಯುವುದು ಆಗದು ಎಂದು ಮಾವಶಿ ಅಲ್ಲಿ ಬರೆದರು. ಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದಿ ಆಗಲೇ ಬಡಿಯಬೇಕು, ಬಿಟ್ಟರೆ ಅಂಚು ಸೀಳುತ್ತದೆ. ಗೋಧಿ ಹಿಟ್ಟು ಹಾಗಲ್ಲ, ಕಲಸಿ ಮುಚ್ಚಿಟ್ಟರೆ ಇನ್ನೂ ಮೆದುವಾಗುತ್ತದೆ. ಅದಕ್ಕೇ ಭಕ್ಕರಿ ಬೆಳಿಗ್ಗೆ ಮಾತ್ರ ಎಂದಾಯಿತು; ಸಂಜೆ ಅವರು ಚಪಾತಿ ಹಿಟ್ಟು ಕಲಸಿಟ್ಟು ಹೋಗುತ್ತಾರೆ, ಬೇಯಿಸುವುದು ನಮ್ಮ ಕೆಲಸ.

ಮಾವಶಿ ಇನ್ನೊಂದು ಸಾಲನ್ನೂ ಸೇರಿಸಿದರು. ಇಬ್ಬರಿಗಿಂತ ಹೆಚ್ಚು ಪಾವ್ಹಣೇರು ಬರುವುದಿದ್ದರೆ ಹಿಂದಿನ ದಿನವೇ ಹೇಳಬೇಕು, ಆ ದಿನಕ್ಕೆ 150 ರೂಪಾಯಿ ಹೆಚ್ಚಿಗೆ ಕೊಡಬೇಕು. ಒಪ್ಪಿ ಎರಡೂ ಪ್ರತಿಗೆ ಸಹಿ ಹಾಕಿದೆವು.