ಮುಳ್ಳು ನಡುಗೆರೆಗೆ ಬಂದಾಗ

ಮೇಜಿನ ಮೇಲೆ ಒಂದು ಮಿಲಿಆಂಪಿಯರಿನ ಮೀಟರ್ ಇದೆ, ಅದರ ಸುರುಳಿಯ ರೋಧ 100 ಓಮ್. ಪಕ್ಕದಲ್ಲಿ 1.5 ವೋಲ್ಟಿನ ಸೆಲ್. ಇವುಗಳಿಂದ ಒಂದು ಓಮ್‌ಮೀಟರ್ ಕಟ್ಟಬೇಕು. ಎರಡನ್ನೂ ನೇರವಾಗಿ ಜೋಡಿಸಲು ಕೈ ಮುಂದಾಗುತ್ತದೆ. ತಡೆಯಿರಿ: ಹಾಗೆ ಮಾಡಿದರೆ ಸುರುಳಿಯಲ್ಲಿ 15 ಮಿಲಿಆಂಪಿಯರ್ ಹರಿಯುತ್ತದೆ, ಮುಳ್ಳು ಬಲಬದಿಗೆ ಬಡಿದು ಬಾಗುತ್ತದೆ.

ಮೊದಲು ಲೆಕ್ಕ. ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಮುಳ್ಳು ಬಲತುದಿಗೆ ಸರಿಯಾಗಿ ಬಂದು ನಿಲ್ಲಬೇಕು. 1.5 ವೋಲ್ಟನ್ನು 0.001 ಆಂಪಿಯರಿನಿಂದ ಭಾಗಿಸಿದರೆ 1500 ಓಮ್. ಅದರಲ್ಲಿ 100 ಸುರುಳಿಯಲ್ಲೇ ಇದೆ, ಆದ್ದರಿಂದ ಸರಣಿಯಲ್ಲಿ 1400 ಓಮ್ ಹಾಕಬೇಕು. ನೀವು 1000 ಓಮಿನ ರೆಸಿಸ್ಟರನ್ನೂ 1000 ಓಮಿನ ಪಾಟ್ ಒಂದನ್ನೂ ಬೆಸುಗೆ ಹಾಕುತ್ತೀರಿ. ಪ್ರೋಬ್‌ಗಳನ್ನು ಮುಟ್ಟಿಸಿ ಪಾಟ್ ತಿರುಗಿಸುತ್ತೀರಿ. ಮುಳ್ಳು ಏರಿ ಬಲತುದಿಯ ಗೆರೆಯ ಮೇಲೆ ನಿಲ್ಲುತ್ತದೆ. ಅಲ್ಲಿ ಸೊನ್ನೆ ಬರೆಯಿರಿ. ಪ್ರೋಬ್ ಬಿಟ್ಟಾಗ ಮುಳ್ಳು ಮರಳುವ ಎಡತುದಿಯಲ್ಲಿ ಅನಂತ.

ಈಗ ನಡುಗೆರೆ. ಇಲ್ಲಿ 1400 ಎಂದು ಬರೆಯುವವರಿದ್ದಾರೆ, ಅದು ತಪ್ಪು. ಪ್ರವಾಹ ಅರ್ಧಕ್ಕಿಳಿಯಬೇಕಾದರೆ ಒಟ್ಟು ರೋಧ ಇಮ್ಮಡಿಯಾಗಬೇಕು. ಹಾಗಾಗಿ ಹೊರಗಿನದು ಒಳಗಿನ ಎಲ್ಲದಕ್ಕೂ, ಸುರುಳಿಯೂ ಸೇರಿ, ಸಮವಾಗಿರಬೇಕು: 1500. ಪ್ರೋಬ್‌ಗಳ ನಡುವೆ 1500 ಓಮ್ ಇಟ್ಟು ನೋಡಿ, ಮುಳ್ಳು ನಡುವಿನಲ್ಲೇ ಇದೆ. 3000 ಇಟ್ಟರೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, 750 ಇಟ್ಟರೆ ಮೂರನೇ ಎರಡು ಭಾಗಕ್ಕೆ ಏರುತ್ತದೆ. 15,000 ಇಟ್ಟಾಗ ಮುಳ್ಳು ಎಡತುದಿಯಿಂದ ಹನ್ನೊಂದನೇ ಒಂದು ಭಾಗದಷ್ಟೇ ಮೇಲೇಳುತ್ತದೆ. ಅಲ್ಲಿಂದ ಅನಂತದವರೆಗಿನ ಗುರುತುಗಳೆಲ್ಲ ಆ ಕಿರುಜಾಗದಲ್ಲೇ ಒತ್ತಿಕೊಂಡಿವೆ. ನಡುವಿನ ಸುತ್ತಮುತ್ತ ಓದಿದ್ದನ್ನು ಮಾತ್ರ ನಂಬಿ.

ಸೆಲ್ ಹಳತಾಗಿ 1.3 ವೋಲ್ಟಿಗೆ ಇಳಿಯಿತು ಅನ್ನಿ. ಪ್ರೋಬ್ ಮುಟ್ಟಿಸಿ ಪಾಟ್ ತಿರುಗಿಸುತ್ತೀರಿ, ಮುಳ್ಳು ಮತ್ತೆ ಸೊನ್ನೆಗೆ ಬರುತ್ತದೆ. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಒಳಗಿನ ರೋಧ ಈಗ 1300. ಅದೇ 1500 ಓಮನ್ನು ಇಟ್ಟರೆ ಮುಳ್ಳು ನಡುಗೆರೆಗೆ ಮುಟ್ಟದೆ ಸುಮಾರು 1730 ತೋರಿಸುತ್ತದೆ. ಸೊನ್ನೆ ಸರಿಯಾಗಿ ಕೂತಿರುವುದರಿಂದಲೇ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಗೊತ್ತಿರುವ ಒಂದು ರೆಸಿಸ್ಟರನ್ನು ಅಳೆದಾಗ ಮಾತ್ರ ಹೊರಬೀಳುತ್ತದೆ.

ಪಾಟಿನ ಜಾಗ ಬದಲಿಸಬೇಕು. ಅದನ್ನು ಸರಣಿಯಿಂದ ಬಿಚ್ಚಿ ಸುರುಳಿಗೆ ಸಮಾಂತರವಾಗಿ ಹಾಕಿ, ಸರಣಿಯಲ್ಲಿದ್ದ 1000 ಓಮಿನ ಬದಲು 700 ಓಮಿನ ಸ್ಥಿರ ರೆಸಿಸ್ಟರ್ ಕೊಡಿ. ಹೊಸ ಸೆಲ್ಲಿಗೆ ಪಾಟ್ 100 ಓಮಿನಲ್ಲಿ ನಿಲ್ಲುತ್ತದೆ. ಸುರುಳಿ, ಪಾಟ್ ಎರಡೂ ಸೇರಿ 50, ಒಟ್ಟು 750. ನಡುಗುರುತು ಈಗ 750, ಸೆಲ್ಲಿನಿಂದ 2 ಮಿಲಿಆಂಪಿಯರ್ ಹೋಗುತ್ತದೆ. ಸೆಲ್ ಇಮ್ಮಡಿ ವೇಗದಲ್ಲಿ ಸವೆಯುವುದು ಇದಕ್ಕೆ ತೆರಬೇಕಾದ ಬೆಲೆ, ಅದನ್ನು ಧಾರಾಳವಾಗಿ ತೆರಬಹುದು. 1.3 ವೋಲ್ಟಿಗೆ ಇಳಿದಾಗ ಪಾಟನ್ನು 140 ಓಮಿಗೆ ತಿರುಗಿಸಿದರೆ ಮುಳ್ಳು ಸೊನ್ನೆಗೆ ಬರುತ್ತದೆ. ಆಗ ಒಳಗಿನ ಒಟ್ಟು ರೋಧ ಸುಮಾರು 758, ನಡುಗುರುತಿನ ದೋಷ ಶೇಕಡಾ 1ರ ಆಸುಪಾಸಿನಲ್ಲೇ ಉಳಿಯುತ್ತದೆ.