ನೀವೆಷ್ಟು ಹಾಕಿದೀರ

ನಮ್ ಕೆಜಿಎಫ್ ಮನೆಗಳಲ್ಲಿ ಜಗಳಕ್ಕೆ ಯಾವತ್ತೂ ಬರ ಇಲ್ಲ, ನಿಮಗೂ ಗೊತ್ತಿರೋದೇ. ಆದ್ರೆ ಹಿಂದೆಲ್ಲಾ ಅದು ನಡುಮನೇಲಿ ಆಗ್ತಿತ್ತು. ಒಬ್ರು ದನಿ ಎತ್ತಿದ್ರೆ ಅಡಿಗೆಮನೆಯಿಂದ ಯಾರಾದ್ರೂ "ಮುದ್ದೆ ಆರೋಗ್ತೈತೆ, ಬನ್ರಪ್ಪಾ" ಅಂದ್ಬಿಡೋರು, ಎದ್ದು ಕೈ ತೊಳೆಯೋಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರೋದು. ವಾಟ್ಸಾಪ್ ಗ್ರೂಪಲ್ಲಿ ಆ ಮುದ್ದೆ ಕರೆಯೋರು ಇಲ್ಲ. ಒಬ್ರು ರೈಲಲ್ಲಿ ನಿಂತಿರ್ತಾರೆ, ಒಬ್ರು ಅಂಗಡೀಲಿ ಕೂತಿರ್ತಾರೆ, ಎಲ್ಲಾರ ಕೈಲೂ ಬರೀ ಅಕ್ಷರ. ಹೋದ ವರ್ಷ ನಮ್ಮನೆ ಗ್ರೂಪಲ್ಲಿ ಹತ್ತಿಕೊಂಡ ಒಂದು ಜಗಳ ಹೆಂಗೆ ಶುರುವಾಯ್ತು, ಹೆಂಗೆ ನಿಂತ್ತು ಅನ್ನೋದನ್ನ ಬಿಡಿಸಿ ಬರೀತೀನಿ. ಇಂಥದ್ದು ನಿಮ್ಮನೇಲೂ ಆಗೋದೇ.

ನಮ್ಮತ್ತೆ ಮಾರಿಕುಪ್ಪಂನಲ್ಲಿ ಹಳೇ ಮೈನಿಂಗ್ ಕ್ವಾರ್ಟರ್ಸ್ ಮನೇಲೇ ಇರೋದು. ಮಾವ ಗಣಿ ಒಳಗೆ ಇಳಿದು ದುಡಿದೋರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಬಂದ ದುಡ್ಡಲ್ಲಿ ಒಂದು ಭಾಗ ನನ್ನ ಮೈದುನನ ಇಂಜಿನಿಯರಿಂಗ್ ಓದಿಗೆ ಹೋಯ್ತು. ಅದೇ ಹೊತ್ತಿಗೆ ದೊಡ್ಡ ಬಾವ ಓದು ಬಿಟ್ಟು ಬಂಗಾರಪೇಟೇಲಿ ಅಂಗಡಿ ಕೆಲಸಕ್ಕೆ ಸೇರ್ಕೊಂಡ್ರು. ಈ ಮಾತು ಮನೇಲಿ ಯಾರೂ ಆಡಲ್ಲ, ಆದ್ರೆ ಎಲ್ಲಾರಿಗೂ ಗೊತ್ತೈತೆ. ಈಗ ಬಾವ ಬಂಗಾರಪೇಟೇಲೇ ಸ್ವಂತ ಅಂಗಡಿ ಇಟ್ಟವ್ರೆ, ಮೈದುನ ಬೆಂಗಳೂರಲ್ಲಿ, ನಾದಿನಿ ಕುಪ್ಪಂನಲ್ಲಿ. ನಡುವಿನ ಮಗ ನಮ್ಮನೆಯವರು, ನಾವು ರಾಬರ್ಟ್‌ಸನ್‌ಪೇಟೇಲಿ.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರೀತು. ಆಸ್ಪತ್ರೆ, ಆಪರೇಷನ್, ಔಷಧಿ ಎಲ್ಲಾ ಸೇರಿ 38,400 ರೂಪಾಯಿ ಆಯ್ತು. ಅವತ್ತು ರಾತ್ರಿ ಬಾವ ಅಂಗಡಿ ಗಲ್ಲಾದಿಂದ 30,000 ತಂದು ಕಟ್ಟಿದ್ರು, ಮಿಕ್ಕಿದ್ದು ನಾವು ಕಟ್ಟಿದ್ವಿ. ಮನೆಗೆ ಕರ್ಕೊಂಡು ಬಂದ ಮೂರನೇ ದಿನ ಸಾಯಂಕಾಲ ಬಾವ ಬಿಲ್ಲಿನ ಫೋಟೋ ಗ್ರೂಪಿಗೆ ಹಾಕಿದ್ರು, ಅಷ್ಟೇ, ಒಂದು ಮಾತೂ ಬರೀಲಿಲ್ಲ. ಸ್ವಲ್ಪ ಹೊತ್ತಿಗೆ ಮೈದುನ ಕೆಲಸ ಮುಗಿಸಿ ರೈಲಲ್ಲಿ ನಿಂತ್ಕೊಂಡೇ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದ: "ನೀವು ಎಷ್ಟು ಹಾಕಿದೀರ".

ಈ ಮೂರು ಮಾತನ್ನ ಒಂದ್ಸಲ ಬಾಯಿಬಿಟ್ಟು ಓದಿ ನೋಡಿ. "ಎಷ್ಟು" ಅನ್ನೋದರ ಮೇಲೆ ಒತ್ತಿದ್ರೆ ಅದು ಕೇಳ್ಕೆ: ನೀವು ಎಷ್ಟು ಕೊಟ್ರಿ ಹೇಳಿ, ನನ್ನ ಪಾಲು ಕಳಿಸ್ತೀನಿ ಅಂತ. "ನೀವು" ಅನ್ನೋದರ ಮೇಲೆ ಒತ್ತಿದ್ರೆ ಅದು ಕುಟುಕು: ನೀವೇನು ಮಹಾ ಹಾಕ್ಬಿಟ್ರಿ ಅಂತ. ಪ್ರಶ್ನೆ ಚಿಹ್ನೆ ಇಲ್ಲ, "ಅಣ್ಣ" ಅನ್ನೋದೂ ಬಿಟ್ಟುಹೋಗಿತ್ತು. ರೈಲಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡೋನಿಗೆ ಅದೆಲ್ಲಾ ಎಲ್ಲಿ ಹೊಳೀಬೇಕು! ಬಾವ ಎರಡನೇ ಥರಾನೇ ಓದ್ಕೊಂಡ್ರು.

"ಹಾಕೋದು ನಂಗೇನೂ ಹೊಸದಲ್ಲ, ಗಣಿ ಮುಚ್ಚಿದಾಗಿಂದ ಹಾಕ್ತಾನೇ ಇದೀನಿ" ಅಂತ ಬಂತು. "ಅದನ್ನ ಎಷ್ಟು ಸಲ ಹೇಳ್ತೀರ" ಅಂತ ಇವನು. ಆಮೇಲೆ ಬಾವ "ತಾವು ಓದಿರೋರು, ಲೆಕ್ಕ ತಮಗೇ ಚೆನ್ನಾಗಿ ಗೊತ್ತು" ಅಂದ್ರು. ಅಲ್ಲಿ ನಂಗೆ ಎದೆ ಧಸಕ್ ಅಂತು. ಹುಟ್ಟಿದಾಗಿಂದ "ಲೋ" ಅಂತ ಕರೆದ ತಮ್ಮನಿಗೆ ಅಣ್ಣ "ತಾವು" ಅಂದ ಅಂದ್ರೆ ಅದು ಮರ್ಯಾದೆ ಅಲ್ಲ. ನಮ್ ಮನೆಗಳಲ್ಲಿ ಬೈಗುಳ ಬಂದಾಗ ಅಷ್ಟು ಹೆದರ್ಬೇಕಾಗಿಲ್ಲ, ಬೈದೋರು ನಾಳೆ ಮಾತಾಡ್ತಾರೆ. ಇಲ್ಲದ ಬಹುವಚನ ಬಂದಾಗ ಹೆದರ್ಬೇಕು. ಅಷ್ಟರಲ್ಲಿ ನಾದಿನಿ ಅಳ್ತಾ ಒಂದು ವಾಯ್ಸ್ ಮೆಸೇಜ್ ಹಾಕಿದ್ಲು.

ನಂಗೆ ಭಯ ಆಗಿದ್ದು ಆ ವಾಯ್ಸ್‌ಗೇನೆ. ಯಾಕಂದ್ರೆ ಅತ್ತೆನೂ ಗ್ರೂಪಲ್ಲವ್ರೆ. ಅವರಿಗೆ ಓದೋಕೆ ಬರಲ್ಲ, ಬೆಳಿಗ್ಗೆ ಕಾಫಿ ಕುಡೀತಾ ಮೊಮ್ಮಗನ ಕೈಲಿ ವಾಯ್ಸ್‌ಗಳನ್ನೆಲ್ಲಾ ಹಾಕಿಸ್ಕೊಂಡು ಕೇಳ್ತಾರೆ. ತನ್ನ ಕೈ ಮುರಿದಿದ್ದಕ್ಕೆ ಮಕ್ಕಳು ಕಿತ್ತಾಡ್ತವ್ರೆ ಅಂತ ಮಗಳ ಅಳುವಿನಲ್ಲೇ ಕೇಳಿದ್ರೆ ಆ ಜೀವ ಇನ್ಯಾವತ್ತೂ ಯಾರ ಹತ್ರಾನೂ ನೋವು ಅಂತ ಹೇಳಲ್ಲ. ಹಂಗಾಗಿ ಬೆಳಗಾಗೋಷ್ಟರಲ್ಲಿ ಇದು ನಿಲ್ಲಬೇಕಿತ್ತು.

ಗ್ರೂಪಿಗೆ ಅಡ್ಮಿನ್ ನಮ್ಮನೆಯವರು. ಅಡ್ಮಿನ್ ಬಿಟ್ಟು ಬೇರೆ ಯಾರೂ ಮೆಸೇಜ್ ಹಾಕದಂಗೆ ಬೀಗ ಹಾಕ್ಬಿಡ್ತೀನಿ ಅಂದ್ರು. ಬೇಡ ಅಂದೆ. ಹಂಗೆ ಮಾಡಿದ್ರೆ ಆ "ತಾವು" ಅನ್ನೋದೇ ಕೊನೇ ಮಾತಾಗಿ ಎಲ್ಲಾರ ಕಣ್ಮುಂದೆ ನಿಂತ್ಕೊಳುತ್ತೆ, ಉತ್ತರ ಕೊಡೋಕೆ ಆಗದೆ ಇರೋನಿಗೆ ಬಾಯಿಗೆ ಬಟ್ಟೆ ತುರುಕಿದಂಗೆ. ನಮ್ಮ ವಾರಗಿತ್ತಿ ನಂಗೆ ಫೋನ್ ಮಾಡಿ, "ಇಬ್ಬರೂ ಸುಮ್ನಿರಿ ಅಂತ ಹಾಕಮ್ಮ" ಅಂದ್ರು. ಅದೂ ಆಗಲ್ಲ. ಇಬ್ಬರನ್ನೂ ಒಂದೇ ತಕ್ಕಡೀಲಿ ತೂಗಿದ್ರೆ ಇಬ್ಬರೂ "ನಂದೇನು ತಪ್ಪು?" ಅಂತಾನೇ ಏಳ್ತಾರೆ. ಇನ್ನು ಅಷ್ಟೊತ್ತಿಗೆ ದೇವರ ಫೋಟೋನೋ ಅಣ್ಣತಮ್ಮಂದಿರ ಬಾಂಧವ್ಯದ ಸುವಿಚಾರಾನೋ ಹಾಕೋರು ಇರ್ತಾರೆ, ಅದು ಯಾರಿಗೆ ಹೇಳಿದ್ದು ಅಂತ ಇನ್ನೊಂದು ಜಗಳ.

ಮೊದಲು ನಾನು ಗ್ರೂಪನ್ನ ಬಿಲ್ಲಿನ ಫೋಟೋದಿಂದ ಮತ್ತೆ ಓದಿದೆ, ಎಲ್ಲಿ ತಿರುಗ್ತು ಅಂತ ಹುಡುಕಿದೆ. ತಿರುಗಿದ್ದು ಆ ಮೂರು ಮಾತಲ್ಲಿ, ಹಳೇ ಗಣಿ ದುಡ್ಡಲ್ಲಿ ಅಲ್ಲ. ಗಣಿ ದುಡ್ಡು ಆಮೇಲೆ ಎದ್ದು ಬಂದಿದ್ದು. ಇನ್ನೊಂದು ವಿಷಯ ನನ್ನ ಹತ್ರ ಇತ್ತು. ಅವತ್ತು ಮಧ್ಯಾಹ್ನಾನೇ ಮೈದುನ ನಂಗೆ ಫೋನ್ ಮಾಡಿ, "ಅತ್ಗೆ, ಒಟ್ಟು ಎಷ್ಟಾಯ್ತು, ಅಣ್ಣ ಎಷ್ಟು ಹಾಕಿದ್ರು ತಿಳ್ಕೊಂಡು ನನ್ನ ಪಾಲು ಕಳಿಸ್ಬೇಕು" ಅಂದಿದ್ದ. ಅದು ಬಾವನಿಗೆ ಗೊತ್ತಿರಲಿಲ್ಲ.

ಹತ್ತಿಕೊಂಡಿರೋ ಹೊತ್ತಲ್ಲೇ ಹಾಕ್ಲಿಲ್ಲ. ಎದುರುಗಡೆಯೋರು ಟೈಪ್ ಮಾಡ್ತಾ ಇರ್ವಾಗ ಹಾಕಿದ್ರೆ ನಮ್ಮ ಮಾತು ಅವರ ಉತ್ತರದ ಕೆಳಗೆ ಹೂತೋಗುತ್ತೆ. ಅತ್ತೆಗೆ ಊಟ ಮಾಡಿಸಿ, ಗ್ರೂಪಲ್ಲಿ ಇಪ್ಪತ್ತು ನಿಮಿಷ ಯಾರೂ ಏನೂ ಹಾಕದೆ ಇದ್ದಾಗ, ಒಂಬತ್ತು ಗಂಟೆ ಮೇಲೆ ಇದನ್ನ ಕನ್ನಡ ಅಕ್ಷರದಲ್ಲೇ ಹಾಕಿದೆ:

"ಬಾವ, ಅತ್ತೆ ಈಗ ಅನ್ನ ಸಾರು ಉಂಡು ಮಲಗಿದ್ರು, ನೋವು ಕಮ್ಮಿ ಐತೆ. ಆಸ್ಪತ್ರೆ ಖರ್ಚು ಒಟ್ಟು 38,400. ಅವತ್ತು ರಾತ್ರಿ ನೀವು 30,000 ತಂದು ಕಟ್ಟಿದ್ದಕ್ಕೇ ಆಪರೇಷನ್ ಬೆಳಿಗ್ಗೇನೇ ಆಯ್ತು. ತಮ್ಮ ಕೇಳಿದ್ದು ತನ್ನ ಪಾಲು ಎಷ್ಟು ಕಳಿಸ್ಬೇಕು ಅಂತ. ಮಧ್ಯಾಹ್ನಾನೇ ನಂಗೆ ಫೋನ್ ಮಾಡಿ ಇದನ್ನೇ ಕೇಳಿದ್ದ. ಬಿಲ್ಲೆಲ್ಲಾ ನನ್ನ ಹತ್ರ ಐತೆ. ಭಾನುವಾರ 11 ಗಂಟೆಗೆ ಮಾರಿಕುಪ್ಪಂ ಮನೇಲಿ ಕೂತ್ಕೊಂಡು ನೋಡೋಣ. ಬಸ್ಸಾರು ಮುದ್ದೆ ನಾನು ಮಾಡ್ತೀನಿ. ಅತ್ತೆ ಬೆಳಿಗ್ಗೆ ವಾಯ್ಸ್ ಕೇಳ್ತಾರೆ, ಅದೊಂದು ನೆನಪಿರ್ಲಿ."

ಅತ್ತೆ ಸುದ್ದಿ ಮೊದಲು ಬಂದಿದ್ದು ಬೇಕಂತಲೇ. ಅದರಲ್ಲಿ ಯಾರಿಗೂ ಎರಡು ಅಭಿಪ್ರಾಯ ಇಲ್ಲ, ಓದೋರ ಕಣ್ಣು ಮೊದಲು ಅಮ್ಮನ ಕಡೆ ತಿರುಗುತ್ತೆ. ಆಮೇಲೆ ಬಾವನ 30,000. ಬಾವನಿಗೆ ನೋವಾಗಿದ್ದು ದುಡ್ಡಿಗಲ್ಲ, ಕೊಟ್ಟಿದ್ದನ್ನ ಯಾರೂ ಕಾಣ್ಲಿಲ್ಲ ಅಂತ. ಹಂಗಂತ "ನಿಮ್ಮ ತ್ಯಾಗ ದೊಡ್ಡದು" ಅಂತ ಬರೆದಿದ್ರೆ ಮೈದುನ ಕುಗ್ತಿದ್ದ. ಮೊತ್ತಾನೂ ಅದರಿಂದ ಆಗಿದ್ದನ್ನೂ ಹೇಳಿದ್ರೆ ಸಾಕು, ಅದು ಹೊಗಳಿಕೆ ಅಲ್ಲ, ನಡೆದದ್ದು. ಮೈದುನನ ಪರವಾಗಿ ಬರೆದಿದ್ದೂ ಅವನು ನನ್ನ ಕಿವಿಗೇ ಹೇಳಿದ ಮಾತು. ಅವನು ಫೋನ್ ಮಾಡಿರಲಿಲ್ಲ ಅಂದಿದ್ರೆ ಆ ಸಾಲು ಬರೆಯೋ ಹಂಗಿರಲಿಲ್ಲ. ಇನ್ನೊಬ್ಬರ ಮನಸಲ್ಲಿ ಏನಿತ್ತು ಅಂತ ಊಹೆ ಮೇಲೆ ಬರೆದ್ರೆ, ಅವರೇ "ನಾನು ಹಂಗೆ ಹೇಳ್ಲಿಲ್ಲ" ಅಂದ್ಬಿಟ್ರೆ ಆಟ ಮುಗೀತು.

ಅದರಲ್ಲಿ ಒಂದೂ ಪ್ರಶ್ನೆ ಇಲ್ಲ ನೋಡಿ. "ಭಾನುವಾರ ಆಗುತ್ತಾ?" ಅಂತ ಕೇಳಿದ್ರೆ "ನಂಗೆ ಆಗಲ್ಲ" ಅನ್ನೋಕೆ ಬಾಗಿಲು ತೆಗೆದಂಗೆ. ದಿನ, ಗಂಟೆ, ಮನೆ, ಊಟ ಎಲ್ಲಾ ಹೇಳಿದ್ರೆ ಉತ್ತರ ಕೊಡೋ ಅವಸರ ಯಾರಿಗೂ ಇರಲ್ಲ, ಸುಮ್ನೆ ಇದ್ರೂ ಒಪ್ಪಿದಂಗೇ. ಗಣಿ ದುಡ್ಡಿನ ಮಾತು ನಾನು ಎತ್ತಲೇ ಇಲ್ಲ. ಅದು ಹನ್ನೊಂದು ಜನ ನೋಡೋ ಕಡೆ ಬಗೆಹರಿಯೋದಲ್ಲ. ವಾಯ್ಸ್ ಮಾಡದೆ ಬರೆದಿದ್ದೂ ಅತ್ತೆ ಕೇಳ್ಬಾರ್ದು ಅಂತಾನೇ. ಹಾಕೋ ಮುಂಚೆ ಎರಡು ಸಲ ಮೆಲ್ಲಗೆ ಓದ್ಕೊಂಡೆ, ಒಂದ್ಸಲ ನಾನೇ ಬಾವ ಅಂದ್ಕೊಂಡು, ಒಂದ್ಸಲ ನಾನೇ ಮೈದುನ ಅಂದ್ಕೊಂಡು. ಮೊದಲು "ಬರೀ ಪಾಲು ಕೇಳಿದ್ದು" ಅಂತ ಇತ್ತು. ಬಾವನ ಕಿವೀಲಿ ಓದಿದಾಗ ಆ "ಬರೀ" ಅನ್ನೋದು "ನೀವು ಸುಮ್ನೆ ರಂಪ ಮಾಡಿದ್ರಿ" ಅಂದಂಗೆ ಕೇಳ್ತು. ತೆಗೆದು ಹಾಕ್ದೆ.

ಹಾಕಿದ ಮೇಲೆ ಗ್ರೂಪಲ್ಲಿ ಯಾರೂ ಏನೂ ಬರೀಲಿಲ್ಲ. ಸುಮ್ನಾದ್ರು ಅಂದ ಮಾತ್ರಕ್ಕೆ ತಣ್ಣಗಾಯ್ತು ಅಂದ್ಕೊಳ್ಳೋ ಹಂಗಿಲ್ಲ, ಒಳಗೊಳಗೇ ಕುದೀತಾ ಇರಬಹುದು. ನಂಗೆ ಗೊತ್ತಾಗಿದ್ದು ಬೇರೆ ಎರಡರಿಂದ. ಹತ್ತು ಗಂಟೆಗೆ ನೋಡಿದ್ರೆ ನಾದಿನಿ ತನ್ನ ವಾಯ್ಸ್ ತಾನೇ ಎಲ್ಲಾರಿಗೂ ಡಿಲೀಟ್ ಮಾಡಿದ್ಲು. ಹಂಗೆ ತೆಗೆಯೋಕೆ ಎರಡು ದಿನದ ಮೇಲೆ ಸ್ವಲ್ಪ ಹೊತ್ತಿನವರೆಗೂ ಅವಕಾಶ ಐತೆ, ಅದು ದಾಟಿದ್ರೆ ಹಾಕಿದೋರೂ ತೆಗೆಯೋಕಾಗಲ್ಲ. ಬೆಳಿಗ್ಗೆ ಬಾವ ಗ್ರೂಪಲ್ಲಿ ಬರೆದಿದ್ದು ಒಂದೇ ಸಾಲು: "ಲೋ, ಬರ್ತಾ ಅಮ್ಮನಿಗೆ ಬಚ್ಚಲಿಗೆ ಹಾಕೋ ರಬ್ಬರ್ ಮ್ಯಾಟ್ ತಗೊಂಡ್ಬಾ." "ಲೋ" ವಾಪಸ್ ಬಂದಿತ್ತು.

ಭಾನುವಾರ ಮೈದುನ ಮ್ಯಾಟ್ ತಂದ. ನಾದಿನಿ ಕುಪ್ಪಂನಿಂದ ಬಂದು ಬಂಗಾರಪೇಟೇಲಿ ಮಾರಿಕುಪ್ಪಂ ರೈಲು ಹತ್ತಿದ್ಲು. ಊಟ ಆದ ಮೇಲೆ ಬಿಲ್ಲುಗಳನ್ನ ಚಾಪೆ ಮೇಲೆ ಹರಡಿದೆ. ಮೂರು ಮಕ್ಕಳಿಗೆ ತಲಾ 12,800 ಅಂತ ಬಾವ ಅಂದ್ರು. ನಾದಿನಿ, "ನಾನೇನು ಹೊರಗಿನೋಳಾ? ನಾಲ್ಕು ಪಾಲು ಮಾಡಿ" ಅಂತ ಹಠ ಹಿಡಿದ್ಲು. ತಲಾ 9,600 ಆಯ್ತು. ನಾವು ಆಗಲೇ 8,400 ಕಟ್ಟಿದ್ವಲ್ಲ, ಇನ್ನು 1,200 ಬಾವನಿಗೆ ಕೊಟ್ವಿ, ಅವರಿಬ್ಬರೂ 9,600 ಕೊಟ್ರು. ಬಾವನಿಗೆ 20,400 ವಾಪಸ್ ಬಂದು ಅವರದ್ದೂ 9,600ಕ್ಕೇ ನಿಂತ್ತು. ಗಣಿ ದುಡ್ಡಿನ ಮಾತು ಅವತ್ತೂ ಬರಲಿಲ್ಲ. ಅಣ್ಣತಮ್ಮ ಇಬ್ಬರೂ ಹಿಂದುಗಡೆ ಹೋಗಿ ಬಹಳ ಹೊತ್ತು ನಿಂತಿದ್ರು, ಏನು ಮಾತಾಡಿದ್ರೋ ನಾನು ಕೇಳೋಕೆ ಹೋಗ್ಲಿಲ್ಲ.

ಇಂಥಾ ಮೆಸೇಜು ಎಲ್ಲಾ ಜಗಳಕ್ಕೂ ನಡಿಯಲ್ಲ. ನಮ್ಮದರಲ್ಲಿ ಒಂದು ಮಾತನ್ನ ತಪ್ಪು ಓದಿದ್ರು, ಸರಿಯಾದ ಸಂಗತಿ ನನ್ನ ಕೈಲಿತ್ತು, ನಾನು ಎರಡೂ ಕಡೆ ಅಲ್ಲ, ಅದಕ್ಕೇ ನಡೀತು. ನಿಜವಾಗ್ಲೂ ಒಬ್ಬರು ಇನ್ನೊಬ್ಬರ ದುಡ್ಡು ತಿಂದಿದ್ರೆ, ಮನೆ ಹೆಣ್ಣುಮಗಳಿಗೆ ಹೊಡೆತ ಬೀಳ್ತಿದ್ರೆ, ಅಲ್ಲಿ ತಣ್ಣಗೆ ಮಾಡೋ ಮಾತು ಆಡಿದ್ರೆ ನೊಂದೋರ ಬಾಯಿ ಮುಚ್ಚಿಸಿದಂಗೆ. ಅದಕ್ಕೆ ಬೇರೆ ದಾರಿ, ಎದ್ದು ಹೋಗಿ ಅವರ ಪಕ್ಕ ನಿಲ್ಲಬೇಕು. ನೀವು ಎರಡರಲ್ಲಿ ಒಂದು ಕಡೆಯೋರಾಗಿದ್ರೂ ಬರೀಬೇಡಿ, ಸಂಗತಿ ಗೊತ್ತಿರೋ ಬೇರೆಯೋರ ಕೈಲಿ ಬರೆಸಿ. ಮತ್ತೆ ಬಿಲ್ಲಿನ ಫೋಟೋ ಹಾಕೋವಾಗ ಕೆಳಗೆ ಒಂದು ಸಾಲು ಬರೀರಿ, ಯಾತಕ್ಕೆ ಹಾಕ್ತಿದೀರಿ ಅಂತ. ನಮ್ಮ ಗ್ರೂಪಲ್ಲಿ ಈಗ ಬಾವನೇ ಹಂಗೆ ಬರೀತಾರೆ.